ಬಾಡಿಗೆ ಮನೆ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ: ಅಗ್ರಿಮೆಂಟ್, ಓನರ್ ಒಪ್ಪಿಗೆ, ಕಾಗದಗಳ ಸರಿಯಾದ ಕ್ರಮ

ಮೈಸೂರಿನಲ್ಲಿ ಬಾಡಿಗೆ ಮನೆಯಿಂದಲೇ ಸಣ್ಣ ವ್ಯವಹಾರ ಮಾಡುವವರ ಜಿಎಸ್‌ಟಿ ಅರ್ಜಿಗಳು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಅರ್ಜಿ ಹಾಕುತ್ತಾರೆ, ಕೆಲವೇ ದಿನಗಳಲ್ಲಿ ವಿಳಾಸದ ದಾಖಲೆ ಸರಿಯಿಲ್ಲ ಅಂತ ನೋಟಿಸ್ ಬರುತ್ತದೆ. ಆಗ ಓಡಿ ಹೋಗಿ ಓನರ್ ಹತ್ತಿರ ಒಂದು ಸಹಿ ಕೇಳುತ್ತಾರೆ. ಅದುವರೆಗೆ ಏನೂ ಗೊತ್ತಿಲ್ಲದ ಓನರ್ ಗಾಬರಿಯಾಗಿ ಆಗಲ್ಲ ಅನ್ನುತ್ತಾರೆ. ಅರ್ಜಿಯೂ ಹೋಯಿತು, ಮನೆಯ ನೆಮ್ಮದಿಯೂ ಹೋಯಿತು.

ಇಲ್ಲಿ ತಪ್ಪುವುದು ಕ್ರಮ. ಮೊದಲು ಅಗ್ರಿಮೆಂಟ್, ಆಮೇಲೆ ಓನರ್ ಒಪ್ಪಿಗೆ, ಆಮೇಲೆ ಕಾಗದಗಳ ಹೊಂದಾಣಿಕೆ, ಕೊನೆಗೆ ಅರ್ಜಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಹಂತ ಹಂತವಾಗಿ ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುವೆಂಪುನಗರದಲ್ಲಿ ಒಂದು ಮನೆ. ಕೆಳಗೆ ಓನರ್ ದಂಪತಿ, ಮೇಲೆ ಬಾಡಿಗೆಗೆ ಗಂಡ, ಹೆಂಡತಿ, ಒಂದು ಮಗು. ಹೆಂಡತಿ ಎರಡು ಹೊಲಿಗೆ ಮಷೀನ್ ಇಟ್ಟುಕೊಂಡು ಮಕ್ಕಳ ಫ್ರಾಕ್ ಹೊಲಿಯುತ್ತಾರೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಕೇರಳ, ತಮಿಳುನಾಡಿಗೂ ಮಾರಬೇಕು ಅಂತಿದ್ದಾರೆ. ಬೇರೆ ರಾಜ್ಯಕ್ಕೆ ಆನ್‌ಲೈನ್‌ನಲ್ಲಿ ಸರಕು ಮಾರುವುದರಿಂದ, ವಹಿವಾಟು ಎಷ್ಟೇ ಸಣ್ಣದಿದ್ದರೂ ಅವರಿಗೆ ಜಿಎಸ್‌ಟಿ ನೋಂದಣಿ ಬೇಕು. ಬಾಡಿಗೆ ಅಗ್ರಿಮೆಂಟ್ ಗಂಡನ ಹೆಸರಿನಲ್ಲಿದೆ. ಓನರ್ ಕಡೆಯಿಂದ ಸಹಿ ಹಾಕಿದವರು ಕೆಳಗಿನ ಮನೆಯ ಯಜಮಾನರು. ಮನೆ ಕಂದಾಯದ ರಸೀದಿ ಅವರ ಹೆಂಡತಿಯ ಹೆಸರಿನಲ್ಲಿದೆ. ಕರೆಂಟ್ ಬಿಲ್ ಮಾತ್ರ ಈಗಲೂ ಯಜಮಾನರ ತೀರಿಕೊಂಡ ತಂದೆಯ ಹೆಸರಿನಲ್ಲಿ ಬರುತ್ತಿದೆ. ಮೂರು ಕಾಗದ, ಮೂರು ಹೆಸರು. ನಮ್ಮೂರಿನ ಹಳೇ ಬಡಾವಣೆಗಳಲ್ಲಿ ಇದು ತೀರಾ ಮಾಮೂಲು.

## ಹಂತ 1: ಯಾವ ನೋಂದಣಿಗೆ ಏನು ಕೇಳುತ್ತಾರೆ ಅಂತ ಗೊತ್ತು ಮಾಡಿಕೊಳ್ಳಿ

ಎಲ್ಲ ನೋಂದಣಿಗೂ ಓನರ್ ಸಹಿ ಬೇಕಿಲ್ಲ. ಇದು ಗೊತ್ತಿಲ್ಲದೆ ಎಲ್ಲದಕ್ಕೂ ಒಂದೇ ಸಲ ಒಪ್ಪಿಗೆ ಕೇಳಿದರೆ ಓನರ್‌ಗೆ ಇದು ಏನೋ ದೊಡ್ಡ ಕಾರ್ಖಾನೆ ಅನ್ನಿಸುತ್ತದೆ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಸ್ವಯಂ ಘೋಷಣೆ. ಆಧಾರ್, ಪ್ಯಾನ್ ಸಾಕು. ಶುಲ್ಕ ಇಲ್ಲ, ಕಾಗದ ಅಪ್‌ಲೋಡ್ ಇಲ್ಲ. ಆದರೆ ವಿಳಾಸ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ಹಾಗಾಗಿ ಕಾಗದ ಕೇಳದಿದ್ದರೂ ಓನರ್‌ಗೆ ಹೇಳಿ ಮಾಡುವುದು ಸರಿ.

ಜಿಎಸ್‌ಟಿಯಲ್ಲಿ ವಿಳಾಸದ ದಾಖಲೆ ಕಡ್ಡಾಯ. ಅಧಿಕಾರಿ ಮನೆಗೇ ಬಂದು ನೋಡಬಹುದು. ಈ ಬರಹ ಮುಖ್ಯವಾಗಿ ಇದರ ಬಗ್ಗೆ.

ಕಂಪನಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಅಲ್ಲಿ ಓನರ್‌ರ ಒಪ್ಪಿಗೆ ಪತ್ರದ ಜೊತೆಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಥರದ ಕಾಗದ ಬೇಕು. ಅದಕ್ಕಿಂತ ಮುಖ್ಯವಾದದ್ದು, ಕಾನೂನಿನ ಕಣ್ಣಲ್ಲಿ ಕಂಪನಿ ಅಂದರೆ ನೀವಲ್ಲ, ಬೇರೊಬ್ಬ ವ್ಯಕ್ತಿ. ನಿಮಗೆ ಕೊಟ್ಟ ಮನೆಯಲ್ಲಿ ಬೇರೊಬ್ಬರನ್ನು ಕೂರಿಸಿದರೆ ಅದು ಒಳಬಾಡಿಗೆ ಅಂತ ಓನರ್ ವಾದಿಸಬಹುದು. ಒಬ್ಬರೇ ಮಾಲೀಕರಾಗಿ ನಡೆಸುವ ವ್ಯವಹಾರಕ್ಕೆ ಈ ತೊಂದರೆ ಇಲ್ಲ, ಅಲ್ಲಿ ನೀವೂ ವ್ಯವಹಾರವೂ ಒಂದೇ.

ಅಡುಗೆ, ತಿಂಡಿ ಮಾಡಿ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಬೇರೆ ಮಾಡಿಸಬೇಕು. ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕಾಗುವ ಕೆಲಸವೇ ಅಂತ ನಿಮ್ಮ ವಲಯ ಕಚೇರಿಯಲ್ಲಿ ಮೊದಲೇ ಕೇಳಿ. ಮಂಡ್ಯದಲ್ಲಾದರೆ ನಗರಸಭೆಯಲ್ಲಿ.

## ಹಂತ 2: ಅಗ್ರಿಮೆಂಟನ್ನು ಕೂತು ಓದಿ

ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅಗ್ರಿಮೆಂಟನ್ನು ಸಹಿ ಹಾಕುವಾಗ ಯಾರೂ ಓದುವುದಿಲ್ಲ. ಈಗ ಓದಿ. ನಾಲ್ಕು ಸಾಲು ಹುಡುಕಬೇಕು.

ಮೊದಲನೆಯದು ಉಪಯೋಗದ ಸಾಲು. ಸಾಮಾನ್ಯವಾಗಿ ಹೀಗಿರುತ್ತದೆ: "ಸದರಿ ಮನೆಯನ್ನು ವಾಸದ ಉದ್ದೇಶಕ್ಕೆ ಮಾತ್ರ ಉಪಯೋಗಿಸತಕ್ಕದ್ದು." ಇಲ್ಲಿ "ಮಾತ್ರ" ಇದ್ದರೆ ನಿಮ್ಮ ಕೈ ಕಟ್ಟಿದೆ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಯಾವ ಕೆಲಸಕ್ಕೆ ಬಾಡಿಗೆಗೆ ಪಡೆದಿರೋ ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಬಾಡಿಗೆದಾರರು ಆ ಜಾಗ ಬಳಸುವಂತಿಲ್ಲ.

ಎರಡನೆಯದು ಒಳಬಾಡಿಗೆಯ ಸಾಲು. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆ ಮಾಡುವವರು ಇದನ್ನು ವಿಶೇಷವಾಗಿ ನೋಡಿ.

ಮೂರನೆಯದು, ಷರತ್ತು ಮುರಿದರೆ ಮನೆ ಖಾಲಿ ಮಾಡಿಸುವ ಹಕ್ಕಿನ ಸಾಲು. ಇದು ಇದ್ದರೆ, ಒಪ್ಪಿಗೆ ಇಲ್ಲದೆ ವಿಳಾಸ ಬಳಸಿದ್ದೇ ಖಾಲಿ ಮಾಡಿಸಲು ಕಾರಣವಾಗಬಹುದು. ಅಡ್ವಾನ್ಸ್ ಹಿಡಿದುಕೊಳ್ಳುವ ಮಾತೂ ಇಲ್ಲೇ ಅಡಗಿರುತ್ತದೆ.

ನಾಲ್ಕನೆಯದು ಅವಧಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೇ ಎಲ್ಲರೂ 11 ತಿಂಗಳಿಗೆ ಮಾಡುತ್ತಾರೆ. ಆದರೆ 11 ತಿಂಗಳು ಮುಗಿದ ಮೇಲೆ ಹೊಸದು ಮಾಡಿಸದೆ ಸುಮ್ನೆ ಬಾಡಿಗೆ ಕೊಡುತ್ತಾ ಇರುವವರು ಬಹಳ. ಮನೆಯಲ್ಲಿ ಇರಲು ಅದು ಅಡ್ಡಿಯಾಗದೇ ಇರಬಹುದು. ಜಿಎಸ್‌ಟಿ ಅಧಿಕಾರಿಗೆ ಮಾತ್ರ ಅವಧಿ ಮುಗಿದ ಕಾಗದ ಕೆಲಸಕ್ಕೆ ಬರುವುದಿಲ್ಲ.

ಭೋಗ್ಯಕ್ಕೆ ಮನೆ ಹಿಡಿದವರಿಗೆ ಒಂದು ಮಾತು. ನಮ್ಮ ಕಡೆ ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವ ಪದ್ಧತಿ ಇದೆ, ಅದನ್ನು ಲೀಸ್ ಅಂತಲೂ ಕರೆಯುತ್ತೇವೆ. ಆ ಕರಾರಿನಲ್ಲಿ ಬಾಡಿಗೆ ಅನ್ನುವ ಅಂಕವೇ ಇರುವುದಿಲ್ಲ, ನೋಂದಣಿಯೂ ಆಗಿರುವುದಿಲ್ಲ. ಅಂಥವರು ಆ ಕರಾರನ್ನಷ್ಟೇ ನಂಬಿ ಅರ್ಜಿ ಹಾಕಬೇಡಿ. ಹಂತ 4ರಲ್ಲಿ ಹೇಳುವ ಒಪ್ಪಿಗೆ ಪತ್ರವನ್ನು ಖಂಡಿತ ಜೊತೆಗೆ ಇಟ್ಟುಕೊಳ್ಳಿ.

## ಹಂತ 3: ಓನರ್ ಹತ್ತಿರ ಮಾತಾಡಿ, ಅವರ ಭಯಕ್ಕೆ ಉತ್ತರ ಇಟ್ಟುಕೊಂಡು

ಓನರ್ ಬೇಡ ಅನ್ನುವುದು ಹಟಕ್ಕಲ್ಲ. ಅವರಿಗೆ ಮೂರು ನಾಲ್ಕು ಭಯಗಳಿರುತ್ತವೆ. ಅವು ಸುಳ್ಳು ಭಯಗಳಲ್ಲ, ಹಾಗಾಗಿ ನೇರವಾಗಿ ಉತ್ತರ ಕೊಡಬೇಕು.

"ನಾಳೆ ನೀವು ಇದು ನಮ್ಮ ಅಂಗಡಿ, ಬಿಡಲ್ಲ ಅಂದರೆ?" ಇದು ಮೊದಲನೇ ಭಯ. ಇದಕ್ಕೆ ಉತ್ತರ ಬಾಯಿಮಾತಲ್ಲ, ಅಗ್ರಿಮೆಂಟಿನ ಸಾಲು. ಈ ಒಪ್ಪಿಗೆಯಿಂದ ಯಾವ ಹೊಸ ಹಕ್ಕೂ ಹುಟ್ಟುವುದಿಲ್ಲ, ಬಾಡಿಗೆ ಅವಧಿ ಮುಗಿದಾಗ ಒಪ್ಪಿಗೆಯೂ ಮುಗಿಯುತ್ತದೆ ಅಂತ ನೀವೇ ಬರೆದುಕೊಡಿ.

"ಜಿಎಸ್‌ಟಿ ನಾನು ಕಟ್ಟಬೇಕಾ?" ಇಲ್ಲ. ನಿಮ್ಮ ವ್ಯವಹಾರದ ತೆರಿಗೆ ನಿಮ್ಮದು. ಓನರ್ ನೋಂದಣಿ ಮಾಡಿಸಬೇಕಿಲ್ಲ, ರಿಟರ್ನ್ ಹಾಕಬೇಕಿಲ್ಲ. ನೀವು ತೆರಿಗೆ ಬಾಕಿ ಉಳಿಸಿಕೊಂಡರೆ ವಸೂಲಿ ನಿಮ್ಮಿಂದ. ಬರೀ ವಿಳಾಸ ಕೊಟ್ಟ ಕಾರಣಕ್ಕೆ ಅವರ ಮನೆ ನಿಮ್ಮ ಬಾಕಿಗೆ ಹೊಣೆಯಾಗುವುದಿಲ್ಲ. ಆದರೆ ನಿಮ್ಮ ಹೆಸರಿಗೆ ನೋಟಿಸ್ ಬಂದರೆ ಅದು ಅವರ ಗೇಟಿಗೇ ಬರುತ್ತದೆ. ಅದನ್ನು ಮುಚ್ಚಿಡಬೇಡಿ.

"ಕರೆಂಟ್ ಕಮರ್ಷಿಯಲ್ ಆಗತ್ತಾ?" ಈ ಪ್ರಶ್ನೆಗೆ ಸ್ವಲ್ಪ ವಿವರ ಬೇಕು. ಮೈಸೂರು, ಮಂಡ್ಯ ಎರಡೂ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್ ವ್ಯಾಪ್ತಿಗೆ ಬರುತ್ತವೆ. ವಾಸದ ಮನೆಯ ಒಂದು ಭಾಗದಲ್ಲಿ ಅಲ್ಲೇ ಇರುವವರು ಮಾಡುವ ಕೆಲವು ಕೆಲಸಗಳನ್ನು ಗೃಹಬಳಕೆ ದರದಲ್ಲೇ ಬಿಡುವ ಪಟ್ಟಿಯೊಂದು ರಾಜ್ಯದ ವಿದ್ಯುತ್ ದರ ಆದೇಶಗಳಲ್ಲಿ ಬಹಳ ಕಾಲದಿಂದ ಇದೆ. ಹೊಲಿಗೆ, ಬ್ಯೂಟಿ ಪಾರ್ಲರ್, ವಕೀಲರು ಮತ್ತು ತೆರಿಗೆ ಸಲಹೆಗಾರರ ಕೆಲಸ, ಅಕ್ಕಸಾಲಿಗ ಕೆಲಸ, ಕಂಪ್ಯೂಟರ್ ಬಳಕೆ ಇಂಥವು ಅದರಲ್ಲಿವೆ. ನಮ್ಮ ಉದಾಹರಣೆಯ ಹೊಲಿಗೆ ಕೆಲಸ ಇದರೊಳಗೆ ಬರುತ್ತದೆ. ಆದರೆ ಮನೆಯನ್ನೇ ಗೋಡೌನ್ ಮಾಡಿದರೆ, ಕೆಲಸಕ್ಕೆ ನಾಲ್ಕು ಜನರನ್ನು ಕೂರಿಸಿದರೆ, ದೊಡ್ಡ ಮೋಟಾರ್ ಹಾಕಿದರೆ ಈ ಮಾತು ಅನ್ವಯಿಸುವುದಿಲ್ಲ. ಮೀಟರ್ ವಾಣಿಜ್ಯ ದರಕ್ಕೆ ಹೋದರೆ ಗೃಹಜ್ಯೋತಿಯೂ ನಿಲ್ಲುತ್ತದೆ. ಅದರ ನಷ್ಟ ನಿಮಗೇ. ನಿಮ್ಮ ಕೆಲಸ ಪಟ್ಟಿಯಲ್ಲಿದೆಯೇ ಅಂತ ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಈಗಿನ ದರ ಆದೇಶ ಕೇಳಿ ನೋಡಿಕೊಳ್ಳಿ.

"ಕಂದಾಯ ಜಾಸ್ತಿ ಆದರೆ?" ವಾಸದ ಮನೆಗೂ ವಾಣಿಜ್ಯ ಬಳಕೆಗೂ ಕಂದಾಯದ ದರ ಬೇರೆ ಬೇರೆ. ಮನೆ ವಾಸಕ್ಕೇ ಉಳಿದು ಒಂದು ಕೋಣೆಯಲ್ಲಿ ಮಾತ್ರ ಕೆಲಸ ನಡೆಯುತ್ತದೆ ಅಂತ ಅಗ್ರಿಮೆಂಟಿನಲ್ಲಿ ಇರುವುದು ಓನರ್‌ಗೆ ಆಸರೆ. ಒಂದು ವೇಳೆ ನಿಮ್ಮ ಬಳಕೆಯಿಂದ ಕಂದಾಯ ಅಥವಾ ಕರೆಂಟ್ ದರ ಏರಿದರೆ ಆ ವ್ಯತ್ಯಾಸ ನಾವೇ ಕಟ್ಟುತ್ತೇವೆ ಅಂತ ಬರೆದುಕೊಡಿ. ಎಷ್ಟೋ ಓನರ್‌ಗಳು ಈ ಒಂದು ಸಾಲಿಗೇ ಒಪ್ಪುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮಾತು ಹೀಗೆ ಶುರುವಾದರೆ ಚೆನ್ನ: "ಆಂಟಿ, ನಾನು ಫ್ರಾಕ್ ಹೊಲಿಯೋದು ನಿಮಗೆ ಗೊತ್ತೇ ಇದೆ. ಹೊರ ರಾಜ್ಯಕ್ಕೂ ಕಳಿಸಬೇಕು ಅಂತಿದೀನಿ, ಅದಕ್ಕೆ ಜಿಎಸ್‌ಟಿ ನಂಬರ್ ಬೇಕು. ಮನೆಗೆ ಗಿರಾಕಿಗಳು ಬರಲ್ಲ, ಪಾರ್ಸೆಲ್ ಹುಡುಗ ಬಂದು ಹೋಗ್ತಾನೆ. ಏನು ಬರೀಬೇಕು ಅಂತ ಕರಡು ತಂದಿದೀನಿ, ಅಂಕಲ್ ಹತ್ರಾನೂ ತೋರಿಸಿ, ನಿಧಾನ ನೋಡಿ ಹೇಳಿ."

ಮಾತಾಡಲು ಸರಿಯಾದ ಸಮಯ ಅಗ್ರಿಮೆಂಟ್ ಹೊಸದು ಮಾಡುವ ತಿಂಗಳು. ಹೇಗೂ ಹೊಸ ಸ್ಟಾಂಪ್ ಪೇಪರ್ ಬರುತ್ತದೆ, ಬಾಡಿಗೆ ಏರಿಕೆಯ ಮಾತೂ ಆಗುತ್ತದೆ.

ಎಚ್ಚರಿಕೆಯ ಗುರುತು: ಓನರ್ "ಅಯ್ಯೋ ಮಾಡ್ಕೊಳಿ, ಬರೆದು ಏನೂ ಕೊಡಲ್ಲ" ಅಂದರೆ ಅದು ಒಪ್ಪಿಗೆ ಅಲ್ಲ. ಅಧಿಕಾರಿ ಪರಿಶೀಲನೆಗೆ ಬಂದ ದಿನ ಅವರೇ "ನಮಗೇನೂ ಗೊತ್ತಿಲ್ಲ" ಅನ್ನಬಹುದು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇರುವ ಮನೆ, ಸಾಲಕ್ಕೆ ಬ್ಯಾಂಕ್ ನೋಟಿಸ್ ಅಂಟಿಸಿದ ಮನೆ ಇದ್ದರೆ ಅಲ್ಲಿಯ ವಿಳಾಸವೇ ಬೇಡ. ಓನರ್ ಸಹಿಯನ್ನು ಯಾರೋ ಹಾಕಿಕೊಡುತ್ತೇನೆ ಅಂದರೆ ಆ ಕಡೆ ತಿರುಗಿಯೂ ನೋಡಬೇಡಿ. ಸುಳ್ಳು ದಾಖಲೆಯಿಂದ ಪಡೆದ ನೋಂದಣಿಯನ್ನು ಶುರುವಿನ ದಿನದಿಂದಲೇ ರದ್ದು ಮಾಡಬಹುದು.

## ಹಂತ 4: ಅಗ್ರಿಮೆಂಟ್ ತಿದ್ದಿಸಿ, ಒಪ್ಪಿಗೆ ಪತ್ರ ಬರೆಸಿ

ಇಲ್ಲೇ ಜಾಸ್ತಿ ಜನ ಎಡವುವುದು. ಬರೀ ಒಪ್ಪಿಗೆ ಪತ್ರ ಬರೆಸಿ, ಅಗ್ರಿಮೆಂಟನ್ನು ಹಾಗೇ ಬಿಡುತ್ತಾರೆ. ಆಗ ಅಪ್‌ಲೋಡ್ ಮಾಡಿದ ಒಂದು ಕಾಗದ "ವಾಸಕ್ಕೆ ಮಾತ್ರ" ಅನ್ನುತ್ತದೆ, ಇನ್ನೊಂದು "ವ್ಯವಹಾರಕ್ಕೆ ಒಪ್ಪಿದ್ದೇನೆ" ಅನ್ನುತ್ತದೆ. ಅಧಿಕಾರಿ ಪ್ರಶ್ನೆ ಕೇಳಿದರೆ ಆಶ್ಚರ್ಯವಿಲ್ಲ, ಅಲ್ವಾ? ನಾಳೆ ಜಗಳವಾದರೆ ಯಾವುದು ನಿಲ್ಲುತ್ತದೆ ಅನ್ನುವ ಗೊಂದಲವೂ ಉಳಿಯುತ್ತದೆ. ಅಗ್ರಿಮೆಂಟೇ ಸರಿಯಾಗಬೇಕು. ಅವಧಿ ಇನ್ನೂ ಬಾಕಿ ಇದ್ದರೆ ಚಿಕ್ಕದೊಂದು ತಿದ್ದುಪಡಿ ಕರಾರು ಸಾಕು, ಮುಗಿಯುತ್ತಾ ಬಂದಿದ್ದರೆ ಹೊಸದನ್ನೇ ಮಾಡಿ.

ಉದಾಹರಣೆಯ ಮನೆಗೆ ಹೊಸ ಅಗ್ರಿಮೆಂಟ್ ಬೇಕೇ ಬೇಕು. ಎರಡು ಕಾರಣ. ಕಂದಾಯ ರಸೀದಿ ಆಂಟಿಯ ಹೆಸರಿನಲ್ಲಿದೆ, ಸಹಿ ಹಾಕಿದ್ದು ಅಂಕಲ್. ಸಹಿ ಹಾಕಬೇಕಾದವರು ದಾಖಲೆಯಲ್ಲಿ ಹೆಸರಿರುವವರು. ಇನ್ನೊಂದು, ಬಾಡಿಗೆದಾರರು ಗಂಡ, ನೋಂದಣಿ ಬೇಕಾದವರು ಹೆಂಡತಿ. ಹಾಗಾಗಿ ಹೊಸ ಅಗ್ರಿಮೆಂಟಿನಲ್ಲಿ ಮಾಲೀಕರಾಗಿ ಆಂಟಿ, ಬಾಡಿಗೆದಾರರಾಗಿ ಗಂಡ ಹೆಂಡತಿ ಇಬ್ಬರೂ. ಅಂಕಲ್ ಸಾಕ್ಷಿ ಹಾಕಿದರೆ ಒಳ್ಳೆಯದೇ.

ಉಪಯೋಗದ ಸಾಲನ್ನು ಹೀಗೆ ಬರೆಸಬಹುದು:

"ಸದರಿ ಮನೆಯನ್ನು ಬಾಡಿಗೆದಾರರು ತಮ್ಮ ಕುಟುಂಬದ ವಾಸಕ್ಕಾಗಿ ಉಪಯೋಗಿಸತಕ್ಕದ್ದು. ಆದರೆ ಎರಡನೇ ಬಾಡಿಗೆದಾರರು ಮನೆಯ ಒಂದು ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡಲು, ಹಾಗೂ ಈ ವಿಳಾಸವನ್ನು ತಮ್ಮ ವ್ಯವಹಾರದ ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿಗೆ ನೀಡಲು ಮಾಲೀಕರು ಒಪ್ಪಿರುತ್ತಾರೆ. ಈ ಒಪ್ಪಿಗೆಯಿಂದ ಬಾಡಿಗೆದಾರರಿಗೆ ವಾಣಿಜ್ಯ ಬಾಡಿಗೆಯ ಹಕ್ಕಾಗಲಿ, ಒಳಬಾಡಿಗೆ ನೀಡುವ ಹಕ್ಕಾಗಲಿ ಬರುವುದಿಲ್ಲ. ಈ ಬಳಕೆಯಿಂದ ಮನೆ ಕಂದಾಯ ಅಥವಾ ವಿದ್ಯುತ್ ದರ ಹೆಚ್ಚಾದಲ್ಲಿ ಆ ವ್ಯತ್ಯಾಸವನ್ನು ಬಾಡಿಗೆದಾರರೇ ಭರಿಸತಕ್ಕದ್ದು. ಮನೆ ಖಾಲಿ ಮಾಡುವಾಗ ಬಾಡಿಗೆದಾರರು ಈ ವಿಳಾಸವನ್ನು ಎಲ್ಲ ನೋಂದಣಿಗಳಿಂದ ತೆಗೆಸಿ, ಅದರ ಪ್ರತಿಯನ್ನು ಮಾಲೀಕರಿಗೆ ಕೊಡತಕ್ಕದ್ದು."

ಯಾವ ನೋಂದಣಿಗೆ ಅಂತ ಹೆಸರಿಸಿ. "ಎಲ್ಲಾ ವ್ಯವಹಾರಗಳಿಗೆ" ಅಂತ ಸಡಿಲವಾಗಿ ಬರೆದರೆ ಓನರ್ ಹೆದರುತ್ತಾರೆ, ಹೆದರುವುದು ಸರಿಯೂ ಹೌದು. ಕಂಪನಿಗಾದರೆ ಇನ್ನೊಂದು ಮಾತು ಸೇರಿಸಿ: ಕಂಪನಿಗೆ ವಿಳಾಸದ ಬಳಕೆ ಮಾತ್ರ, ಮನೆಯ ಸ್ವಾಧೀನ ಇಲ್ಲ. ವಾಸಕ್ಕೂ ವಾಣಿಜ್ಯಕ್ಕೂ ಸ್ಟಾಂಪ್ ಶುಲ್ಕದ ಲೆಕ್ಕ ಬೇರೆ. ಹಾಗಾಗಿ ಇ-ಸ್ಟಾಂಪ್ ತೆಗೆಸುವಾಗ ಕರಡನ್ನು ತೋರಿಸಿಯೇ ಬೆಲೆ ಕೇಳಿ.

ಒಪ್ಪಿಗೆ ಪತ್ರ ಬೇರೆಯಾಗಿ ಒಂದು ಪುಟ ಇರಲಿ. ಬಿಳಿ ಹಾಳೆ ಸಾಕು. ಅದರಲ್ಲಿ ಮಾಲೀಕರ ಹೆಸರು ಕಂದಾಯ ರಸೀದಿಯಲ್ಲಿ ಇರುವಂತೆಯೇ ಇರಬೇಕು. ಮನೆಯ ಪೂರ್ತಿ ವಿಳಾಸ, ಅರ್ಜಿದಾರರ ಹೆಸರು, ವ್ಯವಹಾರದ ಹೆಸರು, ಯಾವ ನೋಂದಣಿಗೆ ಒಪ್ಪಿಗೆ, ತಾರೀಖು, ಸಹಿ ಇಷ್ಟಿದ್ದರೆ ಆಯಿತು.

ಓನರ್ ಅಮೆರಿಕದಲ್ಲಿದ್ದು, ಬಾಡಿಗೆ ಅವರ ಅಮ್ಮ ವಸೂಲಿ ಮಾಡುವ ಮನೆಗಳು ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಬೇಕಾದಷ್ಟಿವೆ. ಅಲ್ಲಿ ಅಮ್ಮನ ಸಹಿಗೆ ಬೆಲೆ ಬರಬೇಕಾದರೆ ಅವರ ಹೆಸರಿಗೆ ಅಧಿಕಾರ ಪತ್ರ ಇರಬೇಕು, ಅದರ ಪ್ರತಿ ನಿಮ್ಮ ಕೈಲಿರಬೇಕು. ಇಲ್ಲದಿದ್ದರೆ ಮಗನೇ ಸಹಿ ಮಾಡಿ ಕಳಿಸಲಿ. ಖಾತೆಯಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಮಾಡುವುದು ಕ್ಷೇಮ.

## ಹಂತ 5: ಕಾಗದಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ

ಅಪ್‌ಲೋಡ್ ಮಾಡುವ ಮೊದಲು ಅಗ್ರಿಮೆಂಟ್, ಕಂದಾಯ ರಸೀದಿ, ಓನರ್ ಗುರುತಿನ ಚೀಟಿ, ಒಪ್ಪಿಗೆ ಪತ್ರ ನಾಲ್ಕನ್ನೂ ಮೇಜಿನ ಮೇಲೆ ಹರಡಿ. ಎರಡು ವಿಷಯ ಮಾತ್ರ ನೋಡಿ, ಹೆಸರು ಮತ್ತು ವಿಳಾಸ.

ಏನೇನು ಬೇಕು ಅನ್ನುವುದಕ್ಕೆ ಒಂದು ಗಟ್ಟಿ ಆಧಾರ ಇದೆ. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್ 17ರಂದು 03/2025 ಸಂಖ್ಯೆಯ ಸೂಚನೆ ಹೊರಡಿಸಿತು. ಬಾಡಿಗೆ ಜಾಗಕ್ಕೆ ಅಗ್ರಿಮೆಂಟ್ ಜೊತೆಗೆ ಓನರ್‌ರ ಮಾಲೀಕತ್ವ ತೋರಿಸುವ ಯಾವುದಾದರೂ ಒಂದು ಕಾಗದ ಸಾಕು ಅಂತ ಅದು ಹೇಳುತ್ತದೆ. ಕಂದಾಯ ರಸೀದಿ, ಖಾತೆ ಪ್ರತಿ, ಕರೆಂಟ್ ಬಿಲ್ ಇವುಗಳಲ್ಲಿ ಒಂದು. ಅಗ್ರಿಮೆಂಟ್ ನೋಂದಣಿಯಾಗದ್ದಾದರೆ ಓನರ್‌ರ ಗುರುತಿನ ಚೀಟಿಯ ಪ್ರತಿಯೂ ಬೇಕು, ನೋಂದಣಿಯಾಗಿದ್ದರೆ ಬೇಡ. ಕರೆಂಟ್ ಅಥವಾ ನೀರಿನ ಬಿಲ್ ಬಾಡಿಗೆದಾರರ ಹೆಸರಿನಲ್ಲೇ ಇದ್ದರೆ ಅಗ್ರಿಮೆಂಟ್ ಜೊತೆ ಆ ಬಿಲ್ ಒಂದೇ ಸಾಕು. ಇದು ಕೇಂದ್ರದ ಅಧಿಕಾರಿಗಳಿಗೆ ಬರೆದ ಸೂಚನೆ. ನಿಮ್ಮ ಅರ್ಜಿ ರಾಜ್ಯದ ವಾಣಿಜ್ಯ ತೆರಿಗೆ ಅಧಿಕಾರಿಯ ಹತ್ತಿರವೂ ಹೋಗಬಹುದು. ಆದರೂ ಕಾಗದ ಜೋಡಿಸಲು ಇದೇ ಒಳ್ಳೆಯ ಅಳತೆ.

"ಯಾವುದಾದರೂ ಒಂದು" ಅನ್ನುವುದನ್ನು ಗಮನಿಸಿ. ನಮ್ಮ ಉದಾಹರಣೆಯಲ್ಲಿ ಅಂಕಲ್‌ರ ತೀರಿಕೊಂಡ ತಂದೆಯ ಹೆಸರಿನ ಕರೆಂಟ್ ಬಿಲ್ ಹಾಕುವ ಅಗತ್ಯವೇ ಇಲ್ಲ. ಆಂಟಿಯ ಹೆಸರಿನ ಕಂದಾಯ ರಸೀದಿ ಸಾಕು. ಇದ್ದಬದ್ದ ಕಾಗದವನ್ನೆಲ್ಲ ಹಾಕಿದರೆ ಅರ್ಜಿ ಬಲವಾಗುತ್ತದೆ ಅಂತ ನಂಬಿ ಜನ ತಾವೇ ಪ್ರಶ್ನೆ ಹುಟ್ಟುಹಾಕುತ್ತಾರೆ. ಬಿಲ್ ಬೇಕೆಂದು ಅಧಿಕಾರಿ ಕೇಳಿದರೆ ಆಗ ಕೊಡಿ, ಈ ಹೆಸರು ಮಾಲೀಕರ ಮಾವನವರದು, ಹೆಸರು ಬದಲಾವಣೆ ಆಗಿಲ್ಲ ಅಂತ ಒಂದು ಸಾಲು ವಿವರಣೆ ಜೊತೆಗಿರಲಿ.

ವಿಳಾಸದ ಗೋಜಲು ಇದಕ್ಕಿಂತ ಹೆಚ್ಚು. ರಸೀದಿಯಲ್ಲಿ ಸೈಟ್ ನಂಬರ್ ಇರುತ್ತದೆ, ಗೋಡೆ ಮೇಲೆ ಹೊಸ ಡೋರ್ ನಂಬರ್, ಅಗ್ರಿಮೆಂಟಿನಲ್ಲಿ ಹಳೇ ನಂಬರ್. ಮೂರೂ ಒಂದೇ ಮನೆ ಅಂತ ನಿಮಗೆ ಗೊತ್ತು, ಬೆಂಗಳೂರಿನಲ್ಲೋ ಬೇರೆಲ್ಲೋ ಕೂತು ಫೈಲ್ ನೋಡುವವರಿಗೆ ಗೊತ್ತಿಲ್ಲ. ಅಗ್ರಿಮೆಂಟಿನ ಷೆಡ್ಯೂಲಿನಲ್ಲಿ ಎಲ್ಲ ನಂಬರನ್ನೂ ಸೇರಿಸಿ ಬರೆಸಿ: "ಸೈಟ್ ನಂ. ಇಷ್ಟು, ಹಳೇ ಡೋರ್ ನಂ. ಇಷ್ಟು, ಹೊಸ ಡೋರ್ ನಂ. ಇಷ್ಟು, ಮೊದಲನೇ ಮಹಡಿ." ಮಹಡಿ ಬರೆಯುವುದನ್ನು ಮರೆಯಬೇಡಿ. ಬರೆಯದಿದ್ದರೆ ಕೆಳಗಿನ ಮನೆಯೇ ನಿಮ್ಮ ವ್ಯವಹಾರದ ಜಾಗ ಅಂತ ಆಗಿಬಿಡುತ್ತದೆ.

## ಹಂತ 6: ಅರ್ಜಿ ತುಂಬಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ REG-01 ಅರ್ಜಿ ತುಂಬುವಾಗ "Nature of possession of premises" ಅನ್ನುವ ಕಡೆ ಏನು ಆರಿಸುತ್ತೀರೋ ಅದಕ್ಕೆ ತಕ್ಕ ಕಾಗದ ಇರಬೇಕು. ಅಗ್ರಿಮೆಂಟಿನಲ್ಲಿ ಅರ್ಜಿದಾರರದೇ ಹೆಸರಿದ್ದರೆ "Rented". ಅಗ್ರಿಮೆಂಟ್ ಗಂಡನ ಹೆಸರಿನಲ್ಲೇ ಉಳಿದು, ಹೆಂಡತಿ ಅರ್ಜಿ ಹಾಕಿ "Rented" ಆರಿಸುವುದು ದೊಡ್ಡ ತಪ್ಪು. ಅಗ್ರಿಮೆಂಟ್ ಬದಲಿಸಲು ಆಗದೇ ಇದ್ದರೆ "Consent" ಆರಿಸಿ. ಗಂಡನ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ, ಅಗ್ರಿಮೆಂಟ್, ಓನರ್ ಒಪ್ಪಿಗೆ, ಕಂದಾಯ ರಸೀದಿ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿ. ಇಬ್ಬರ ಹೆಸರಿನ ಅಗ್ರಿಮೆಂಟ್ ಇದಕ್ಕಿಂತ ಎಷ್ಟೋ ಸಲೀಸು.

ಕಾಗದವನ್ನು ಮೊಬೈಲ್‌ನಲ್ಲಿ ವಾರೆಯಾಗಿ ಫೋಟೊ ಹೊಡೆದು ಹಾಕಬೇಡಿ. ಎಲ್ಲ ಪುಟವೂ ಇರಲಿ, ಸಹಿ ಮತ್ತು ಸ್ಟಾಂಪ್ ಸ್ಪಷ್ಟವಾಗಿ ಕಾಣಲಿ.

ಸಂದೇಹ ಇದ್ದರೆ ಅಧಿಕಾರಿ REG-03 ನೋಟಿಸ್ ಕಳಿಸುತ್ತಾರೆ. ಅದಕ್ಕೆ 7 ಕೆಲಸದ ದಿನಗಳೊಳಗೆ REG-04ರಲ್ಲಿ ಉತ್ತರ ಕೊಡಬೇಕು. ಬಿಟ್ಟರೆ ಅರ್ಜಿ ತಿರಸ್ಕಾರವಾಗಬಹುದು. ಮೇಲ್, ಎಸ್‌ಎಂಎಸ್ ನಿಮ್ಮ ಸ್ವಂತ ನಂಬರಿಗೆ ಬರುವಂತೆ ಕೊಟ್ಟಿರಬೇಕು. ಅರ್ಜಿ ತುಂಬಿದ ಸೆಂಟರಿನವರ ನಂಬರ್ ಕೊಟ್ಟು, ನೋಟಿಸ್ ಬಂದದ್ದೇ ಗೊತ್ತಾಗದೆ ಅರ್ಜಿ ಕಳೆದುಕೊಂಡವರು ಕಡಿಮೆಯಿಲ್ಲ. ಉತ್ತರದಲ್ಲಿ ವಾದ ಬೇಡ. ಯಾವ ಕಾಗದ ಕೇಳಿದ್ದಾರೆ, ಅದು ಎಲ್ಲಿದೆ, ಹೆಸರು ಅಥವಾ ನಂಬರ್ ಯಾಕೆ ಬೇರೆ, ಇಷ್ಟನ್ನು ಸರಳವಾಗಿ ಬರೆಯಿರಿ.

## ಹಂತ 7: ಪರಿಶೀಲನೆ ಮತ್ತು ಬೋರ್ಡು

ಅಧಿಕಾರಿ ಮನೆಗೆ ಬಂದರೆ ಅವರು ನೋಡುವುದು ಆ ವಿಳಾಸ ನಿಜವೇ, ಅಲ್ಲಿ ಹೇಳಿದ ಕೆಲಸ ನಡೆಯುತ್ತದೆಯೇ ಅನ್ನುವುದನ್ನು. ಫೋಟೊ ತೆಗೆಯುತ್ತಾರೆ. ಹೊಲಿಗೆ ಮಷೀನ್, ಬಟ್ಟೆ, ಪ್ಯಾಕಿಂಗ್ ಕವರ್ ಇದ್ದ ಹಾಗೇ ತೋರಿಸಿ. ಅರ್ಜಿ ಹಾಕಿದ ದಿನವೇ ಕೆಳಗಿನ ಮನೆಯವರಿಗೆ ಹೇಳಿಡಿ. ಗೇಟಿನಲ್ಲಿ ಕೇಳಿದಾಗ "ಹೌದು, ಮೇಲಿನ ಮನೆಯವರು, ನಾವು ಒಪ್ಪಿದ್ದೇವೆ" ಅನ್ನುವ ಒಂದು ಮಾತು ನಿಮ್ಮ ಪರವಾಗಿ ನಿಲ್ಲುತ್ತದೆ.

ಬೋರ್ಡಿನ ವಿಚಾರ ಯಾರೂ ಮೊದಲೇ ಹೇಳುವುದಿಲ್ಲ. ಜಿಎಸ್‌ಟಿ ನಿಯಮ 18ರ ಪ್ರಕಾರ ನೋಂದಣಿ ಪ್ರಮಾಣಪತ್ರ ಜಾಗದೊಳಗೆ ಕಾಣುವಂತೆ ಇರಬೇಕು, ಬಾಗಿಲ ಬಳಿ ನಾಮಫಲಕದಲ್ಲಿ ಜಿಎಸ್‌ಟಿ ನಂಬರ್ ಇರಬೇಕು. ಬೋರ್ಡ್ ಇಷ್ಟು ದೊಡ್ಡದಿರಬೇಕು ಅಂತ ಆ ನಿಯಮ ಹೇಳುವುದಿಲ್ಲ. ಹಾಗಾಗಿ ಗೇಟಿಗೆ ಫ್ಲೆಕ್ಸ್ ಕಟ್ಟಬೇಕಿಲ್ಲ, ನಿಮ್ಮ ಮನೆ ಬಾಗಿಲ ಪಕ್ಕ ಒಂದು ಚಿಕ್ಕ ಫಲಕ ಸಾಕು. ಆದರೆ ಅದಕ್ಕೂ ಓನರ್ ಒಪ್ಪಿರಬೇಕು. ಎಲ್ಲಿ, ಎಷ್ಟು ದೊಡ್ಡದು ಅಂತ ಹಂತ 3ರಲ್ಲೇ ಮಾತಾಡಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್ ನಿಯಮವನ್ನೂ ನೋಡಿ, ಓನರ್ ಒಪ್ಪಿದರೂ ಅವರು ತಡೆಯಬಹುದು.

## ಹಂತ 8: ಬಾಡಿಗೆ ಮೇಲಿನ ಜಿಎಸ್‌ಟಿ

ನೋಂದಣಿ ಆದ ಮೇಲೆ ತಲೆ ಎತ್ತುವ ವಿಷಯ ಇದು. 2022ರ ಜುಲೈ 18ರಿಂದ, ಜಿಎಸ್‌ಟಿ ನೋಂದಣಿ ಇರುವವರು ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ ಬಾಡಿಗೆಯ ಮೇಲೆ ಶೇ. 18 ತೆರಿಗೆ ಬರುತ್ತದೆ. ಅದನ್ನು ಕಟ್ಟಬೇಕಾದವರು ಓನರ್ ಅಲ್ಲ, ಬಾಡಿಗೆದಾರರು. ತಿಂಗಳ ಬಾಡಿಗೆ 14,000 ಇದ್ದರೆ ತೆರಿಗೆ 2,520. ಸಣ್ಣ ವ್ಯವಹಾರಕ್ಕೆ ಇದು ಚಿಕ್ಕ ಮೊತ್ತ ಅಲ್ಲ.

2023ರ ಜನವರಿ 1ರಿಂದ ಇದಕ್ಕೆ ಒಂದು ವಿನಾಯಿತಿ ಇದೆ. ಒಬ್ಬರೇ ಮಾಲೀಕರಾಗಿ ವ್ಯವಹಾರ ನಡೆಸುವವರು ಮನೆಯನ್ನು ತಮ್ಮ ಸ್ವಂತ ವಾಸಕ್ಕೆ, ಸ್ವಂತ ಲೆಕ್ಕದಲ್ಲಿ ಪಡೆದಿದ್ದರೆ ಈ ತೆರಿಗೆ ಇಲ್ಲ. ಸ್ವಂತ ಲೆಕ್ಕ ಅಂದರೆ ಬಾಡಿಗೆಯನ್ನು ವ್ಯವಹಾರದ ಖರ್ಚು ಅಂತ ತೋರಿಸಬಾರದು. ಬಾಡಿಗೆ ಹೋಗುವುದು ಮನೆಯ ಖಾತೆಯಿಂದ ಇರಲಿ, ಅಗ್ರಿಮೆಂಟಿನಲ್ಲಿ ವ್ಯವಹಾರದ ಹೆಸರು ಬಾಡಿಗೆದಾರರ ಜಾಗದಲ್ಲಿ ಬರದಿರಲಿ. ಮೇಲೆ ಕೊಟ್ಟ ಸಾಲಿನಲ್ಲಿ "ಕುಟುಂಬದ ವಾಸಕ್ಕಾಗಿ" ಅನ್ನುವುದು ಮೊದಲು ಬರುವುದು ಇದಕ್ಕೇ. ಉದಾಹರಣೆಯ ಮನೆಯಲ್ಲಿ ಬಾಡಿಗೆಯನ್ನು ಗಂಡನ ಸಂಬಳದ ಖಾತೆಯಿಂದ ಕಟ್ಟಿ, ಹೊಲಿಗೆ ವ್ಯವಹಾರದ ಲೆಕ್ಕಕ್ಕೆ ತರದೇ ಇರುವುದು ಸರಿಯಾದ ದಾರಿ. ಹೊಲಿಗೆ ಕೋಣೆಯ ಪಾಲಿನಷ್ಟಾದರೂ ಬಾಡಿಗೆಯನ್ನು ಖರ್ಚಿಗೆ ಹಾಕೋಣ ಅಂತ ಆಸೆಯಾದರೆ, ಹಾಕುವ ಮೊದಲು ತೆರಿಗೆ ಸಲಹೆಗಾರರನ್ನು ಕೇಳಿ. ಉಳಿಸುವ ಆದಾಯ ತೆರಿಗೆಗಿಂತ ಹುಟ್ಟುವ ಜಿಎಸ್‌ಟಿ ಪ್ರಶ್ನೆ ದೊಡ್ಡದಾಗಬಹುದು.

## ಹಂತ 9: ಮನೆ ಬಿಡುವಾಗ ವಿಳಾಸ ತೆಗೆಸಿ

ಮನೆ ಬದಲಾದರೆ 15 ದಿನಗಳೊಳಗೆ REG-14ರಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು. ಮುಖ್ಯ ವಿಳಾಸದ ಬದಲಾವಣೆಗೆ ಅಧಿಕಾರಿಯ ಒಪ್ಪಿಗೆ ಬೇಕು, ಅದಕ್ಕೆ ಹೊಸ ಮನೆಯ ಅಗ್ರಿಮೆಂಟ್, ಒಪ್ಪಿಗೆ, ಕಂದಾಯ ರಸೀದಿ ಮತ್ತೆ ಬೇಕು. ಅಂದರೆ ಹೊಸ ಮನೆ ನೋಡುವಾಗಲೇ, ಅಡ್ವಾನ್ಸ್ ಕೊಡುವ ಮೊದಲೇ, ಹೊಸ ಓನರ್ ಹತ್ತಿರ ಈ ಮಾತು ಆಗಿರಬೇಕು. ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ಅವರು ಬೇಡ ಅನ್ನಬಹುದು, ಆಗ ಹಳೇ ವಿಳಾಸವೂ ಇಲ್ಲ, ಹೊಸದೂ ಇಲ್ಲ.

ಬದಲಿಸದೆ ಬಿಟ್ಟರೆ ಏನಾಗುತ್ತದೆ? ಅಧಿಕಾರಿ ಹಳೇ ಮನೆಗೆ ಹೋಗುತ್ತಾರೆ, ಅಲ್ಲಿ ಬೇರೆ ಬಾಡಿಗೆದಾರರು ಇರುತ್ತಾರೆ. ತಿಳಿಸಿದ ಜಾಗದಲ್ಲಿ ವ್ಯವಹಾರ ನಡೆಸುತ್ತಿಲ್ಲ ಅನ್ನುವುದು ನೋಂದಣಿ ರದ್ದು ಮಾಡಲು ಒಂದು ಕಾರಣ. REG-17 ನೋಟಿಸ್ ಬರುತ್ತದೆ, ಅದಕ್ಕೂ ಉತ್ತರಕ್ಕೆ 7 ಕೆಲಸದ ದಿನ. ಅಷ್ಟರಲ್ಲಿ ನೋಂದಣಿ ಅಮಾನತ್ತಾದರೆ ಮಾರಾಟವೂ ನಿಲ್ಲುತ್ತದೆ. ಇತ್ತ ಹಳೇ ಓನರ್ ತಮ್ಮ ಮುಂದಿನ ಬಾಡಿಗೆದಾರರಿಗೆ ಇನ್ನೆಂದೂ ಒಪ್ಪಿಗೆ ಕೊಡುವುದಿಲ್ಲ.

ಇದೇ ರಾಜ್ಯದೊಳಗೆ, ಉದಾಹರಣೆಗೆ ಮೈಸೂರಿನಿಂದ ಮಂಡ್ಯಕ್ಕೆ ಹೋದರೆ ತಿದ್ದುಪಡಿ ಸಾಕು. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿ ಹೊಸ ನೋಂದಣಿಯೇ ಮಾಡಿಸಬೇಕು.

ತಿದ್ದುಪಡಿ ಮಂಜೂರಾದಾಗ REG-15 ಆದೇಶ ಬರುತ್ತದೆ. ಉದ್ಯಮ್ ಪ್ರಮಾಣಪತ್ರದ ವಿಳಾಸವನ್ನೂ, ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಟ್ಟ ಪಿಕಪ್ ವಿಳಾಸವನ್ನೂ, ಬ್ಯಾಂಕ್ ಚಾಲ್ತಿ ಖಾತೆಯ ವಿಳಾಸವನ್ನೂ ಅದೇ ವಾರ ಬದಲಿಸಿ. ಬಾಗಿಲ ಪಕ್ಕದ ಫಲಕ ಕಳಚಿ. REG-15ರ ಪ್ರತಿಯನ್ನು ಹಳೇ ಓನರ್‌ಗೆ ಕೊಟ್ಟು, ಮುಟ್ಟಿತು ಅಂತ ಅವರಿಂದ ಒಂದು ಸಹಿ ತೆಗೆದುಕೊಳ್ಳಿ. ಮನೆ ಬಿಡುವ ದಿನ ಆದೇಶ ಇನ್ನೂ ಬಂದಿಲ್ಲದಿದ್ದರೆ ಅರ್ಜಿ ಹಾಕಿದ ಸ್ವೀಕೃತಿ ತೋರಿಸಿ. ಅಡ್ವಾನ್ಸ್ ಲೆಕ್ಕ ಮಾಡುವಾಗ ಅದೂ ಕೈಯಲ್ಲಿರಲಿ.